ಕೈಯಲ್ಲಿನ ವಸ್ತು ಬದಲಾದರೆ ಹಿಡಿತವೂ ಬದಲಾಗಬೇಕು

ಬಟ್ಟೆಯಿಂದ ಕೃತಕ ಗುಲಾಬಿ ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಘಟಕದ ಮಾಲೀಕರ ಬಳಿ ರೂಪದರ್ಶಿಯೊಬ್ಬರ ಒಳ್ಳೆಯ ಛಾಯಾಚಿತ್ರವೊಂದಿದೆ. ಸೀರೆ, ಬೆಳಕು, ಮುಖಭಾವ ಎಲ್ಲವೂ ಸರಿಯಾಗಿದ್ದು, ಕೈಯಲ್ಲಿ ಮಾತ್ರ ಮೊಬೈಲ್ ಫೋನ್ ಇದೆ. ಅದನ್ನು ತೆಗೆದು ಗುಲಾಬಿಯನ್ನಿಟ್ಟರೆ ಹೊಸ ಚಿತ್ರೀಕರಣದ ಖರ್ಚು ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಕೃತಕ ಬುದ್ಧಿಮತ್ತೆಯ ಚಿತ್ರ ತಂತ್ರಾಂಶಗಳು 2022ರ ನಂತರ ಸಾರ್ವಜನಿಕರ ಕೈಗೆ ಸುಲಭವಾಗಿ ದೊರೆತಿರುವುದರಿಂದ ಇದು ಐದು ನಿಮಿಷದ ಕೆಲಸವೆಂದು ತೋರುತ್ತದೆ. ಆದರೆ ಮೊದಲ ಪ್ರಯತ್ನದಲ್ಲಿ ಬರುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು: ಅಗಲವಾಗಿ ತೆರೆದ ಬೆರಳುಗಳ ನಡುವೆ ಹೂವಿನ ಕಡ್ಡಿಯೊಂದು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ.

ಇದರ ಕಾರಣ ತಂತ್ರಾಂಶದಲ್ಲಿಲ್ಲ, ಕೈಯಲ್ಲಿದೆ. ಬ್ರಿಟನ್ನಿನ ಅಂಗರಚನಾ ತಜ್ಞ ಜಾನ್ ನೇಪಿಯರ್ 1956ರಲ್ಲಿ ಮನುಷ್ಯನ ಹಿಡಿತವನ್ನು ಮುಖ್ಯವಾಗಿ ಎರಡು ವಿಧವಾಗಿ ವಿಂಗಡಿಸಿದರು. ಬೆರಳುಗಳು ಮತ್ತು ಅಂಗೈ ಕೂಡಿ ವಸ್ತುವನ್ನು ಅದುಮಿ ಹಿಡಿಯುವುದು ಬಲದ ಹಿಡಿತ. ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಗಳ ನಡುವೆ ಹಿಡಿಯುವುದು ನಿಖರ ಹಿಡಿತ. ಫೋನು ಸುಮಾರು 7 ಸೆಂಟಿಮೀಟರ್ ಅಗಲದ ವಸ್ತು. ಹೆಬ್ಬೆರಳು ಅದರ ಒಂದು ಅಂಚಿನಲ್ಲಿಯೂ ಉಳಿದ ಬೆರಳುಗಳು ಎದುರಿನ ಅಂಚಿನಲ್ಲಿಯೂ ಇರುತ್ತವೆ. ಅಂಗೈ ಅದರ ಹಿಂದೆ ಮರೆಯಾಗಿರುತ್ತದೆ. ಗುಲಾಬಿಯ ಕಡ್ಡಿಯ ದಪ್ಪ ಅರ್ಧ ಸೆಂಟಿಮೀಟರಿನಷ್ಟು. ಅದನ್ನು ಹೆಬ್ಬೆರಳು, ತೋರುಬೆರಳು ಮತ್ತು ಮಧ್ಯದ ಬೆರಳಿನ ತುದಿಗಳು ಹಿಡಿಯುತ್ತವೆ. ಉಂಗುರ ಬೆರಳು, ಕಿರುಬೆರಳು ಸಡಿಲವಾಗಿ ಒಳಕ್ಕೆ ಮಡಿಚಿಕೊಳ್ಳುತ್ತವೆ. ಆದ್ದರಿಂದ ಬದಲಾಗಬೇಕಾದುದು ಫೋನು ಮಾತ್ರವಲ್ಲ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಇಡೀ ಕೈ.

ಚಿತ್ರದಲ್ಲಿ ಯಾವ ಭಾಗವನ್ನು ಹೊಸದಾಗಿ ಬರೆಯಬೇಕೆಂದು ತಂತ್ರಾಂಶಕ್ಕೆ ಬಣ್ಣ ಬಳಿದು ತೋರಿಸಬೇಕಾಗುತ್ತದೆ. ಇದಕ್ಕೆ ಮಾಸ್ಕ್ ಎಂದು ಹೆಸರು. ಬಹಳಷ್ಟು ಮಂದಿ ಫೋನಿನ ಆಯತಾಕಾರದಷ್ಟಕ್ಕೇ ಮಾಸ್ಕ್ ಹಾಕುತ್ತಾರೆ. ಆಗ ಬೆರಳುಗಳು ಹಳೆಯ ಸ್ಥಾನದಲ್ಲಿಯೇ ಉಳಿಯುವುದರಿಂದ ತಂತ್ರಾಂಶವು ಆ ಖಾಲಿ ಜಾಗವನ್ನು ತುಂಬುವ ಅಗಲದ ವಸ್ತುವನ್ನೇ ಹುಡುಕುತ್ತದೆ. ಗುಲಾಬಿಯ ಬದಲು ಹೂಗುಚ್ಛವೋ ಹೂವಿನ ಚಿತ್ರವಿರುವ ಪೆಟ್ಟಿಗೆಯೋ ಬಂದುಬಿಡುವುದುಂಟು. ಮಾಸ್ಕ್ ಎಲ್ಲ ಬೆರಳುಗಳನ್ನೂ ಅಂಗೈಯನ್ನೂ ಒಳಗೊಳ್ಳಬೇಕು, ಮೇಲ್ಗಡೆ ಹೂವು ಬರುವ ಜಾಗಕ್ಕೂ ಕೆಳಗಡೆ ಕಡ್ಡಿ ಇಳಿಯುವ ಜಾಗಕ್ಕೂ ಚಾಚಬೇಕು. ಮಣಿಕಟ್ಟು ಮತ್ತು ಬಳೆಗಳನ್ನು ಮಾತ್ರ ಹೊರಗಿಡಬೇಕು. ಕೈ ಯಾವ ದಿಕ್ಕಿನಿಂದ ಬರುತ್ತಿದೆ, ಅದರ ಬಣ್ಣವೇನು ಎಂಬುದಕ್ಕೆ ತಂತ್ರಾಂಶಕ್ಕೆ ಉಳಿಯುವ ಸಾಕ್ಷ್ಯ ಅದೇ.

ಎರಡನೆಯ ತೊಡಕು ಅಳತೆಯದು. ಇಂತಹ ಅನೇಕ ತಂತ್ರಾಂಶಗಳು ಚಿತ್ರವನ್ನು ನೇರವಾಗಿ ಬರೆಯುವುದಿಲ್ಲ. ಅದನ್ನು ಉದ್ದಗಲಗಳಲ್ಲಿ ಎಂಟನೆಯ ಒಂದಂಶಕ್ಕೆ ಕುಗ್ಗಿಸಿದ ಚೌಕಳಿಯ ಮೇಲೆ ಕೆಲಸ ಮಾಡಿ ಮತ್ತೆ ಹಿಗ್ಗಿಸುತ್ತವೆ. ನಮ್ಮ ಉದಾಹರಣೆಯ ಛಾಯಾಚಿತ್ರ 3000 ಪಿಕ್ಸೆಲ್ ಎತ್ತರವಿದ್ದು, ಅದರಲ್ಲಿ ಕೈಯ ಅಗಲ 300, ಒಂದು ಬೆರಳಿನ ಅಗಲ 60 ಪಿಕ್ಸೆಲ್ ಇದೆಯೆಂದು ಭಾವಿಸೋಣ. ಇಡೀ ಚಿತ್ರವನ್ನು 1024ಕ್ಕೆ ಇಳಿಸಿ ಕೊಟ್ಟರೆ ಬೆರಳು ಸುಮಾರು 20 ಪಿಕ್ಸೆಲ್ ಆಗುತ್ತದೆ. ಒಳಗಿನ ಚೌಕಳಿಯಲ್ಲಿ ಅದಕ್ಕೆ ಸಿಗುವುದು ಎರಡೂವರೆ ಮನೆ. ಅಷ್ಟರಲ್ಲಿ ಗೆಣ್ಣು, ಉಗುರು, ಮಡಿಕೆ ಯಾವುದಕ್ಕೂ ಜಾಗವಿಲ್ಲ. ಎರಡು ಬೆರಳು ಅಂಟಿಕೊಳ್ಳುವುದು, ಆರನೆಯ ಬೆರಳು ಮೂಡುವುದು ಹೀಗೆ. ಅದರ ಬದಲು ಕೈಯ ಸುತ್ತಲಿನ 600 ಪಿಕ್ಸೆಲ್ ಚೌಕವನ್ನಷ್ಟೇ ಕತ್ತರಿಸಿ 1024ಕ್ಕೆ ಹಿಗ್ಗಿಸಿ ಕೊಟ್ಟರೆ ಅದೇ ಬೆರಳು 102 ಪಿಕ್ಸೆಲ್ ಆಗಿ ಹನ್ನೆರಡಕ್ಕೂ ಹೆಚ್ಚು ಮನೆಗಳನ್ನು ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಆ ಚೌಕವನ್ನು ಮೊದಲಿನ ಗಾತ್ರಕ್ಕೆ ಇಳಿಸಿ ಸ್ವಸ್ಥಾನದಲ್ಲಿ ಕೂರಿಸಬೇಕು. ಹೊಸ ಆವೃತ್ತಿಗಳಲ್ಲಿ ಬೆರಳಿನ ದೋಷ ಬಹಳ ಕಡಿಮೆಯಾಗಿದೆಯಾದರೂ ದೂರದಿಂದ ತೆಗೆದ ಚಿತ್ರದ ಸಣ್ಣ ಕೈಗಳಲ್ಲಿ ಅದು ಇನ್ನೂ ಇಣುಕುತ್ತದೆ.

ಸೂಚನೆಯ ವಾಕ್ಯವೂ ಹಿಡಿತವನ್ನೇ ವರ್ಣಿಸಬೇಕು. ‘ಕೈಯಲ್ಲಿ ಗುಲಾಬಿ’ ಎಂದರೆ ಸಾಲದು. ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿಯಲ್ಲಿ ಒಂದೇ ಕಡ್ಡಿ, ಕಡ್ಡಿ ಹೆಬ್ಬೆರಳಿನ ಹಿಂದಿನಿಂದ ಹಾದು ಕೆಳಗೆ ಹೊರಬರುತ್ತದೆ, ಉಳಿದ ಬೆರಳುಗಳು ಮಡಿಚಿವೆ ಎಂದು ಹೇಳಬೇಕು. ಬದಲಾವಣೆಯ ಪ್ರಮಾಣವನ್ನು ಸೂಚಿಸುವ ಅಂಕಿ ಇರುವ ತಂತ್ರಾಂಶವಾದರೆ ಮೊದಲ ಸುತ್ತಿಗೆ ಅದನ್ನು 0.9ರ ಮೇಲಿಡುವುದು ಲೇಸು. ಕಡಿಮೆಯಿಟ್ಟರೆ ಫೋನಿನ ಕಪ್ಪು ಆಯತದ ಛಾಯೆ ಎಲೆಗಳ ನಡುವೆ ಉಳಿದುಬಿಡುತ್ತದೆ. ಒಪ್ಪುವ ಕೈ ದೊರೆತ ನಂತರ 0.3ರಿಂದ 0.4ರಲ್ಲಿ ಇನ್ನೊಂದು ಸುತ್ತು ನಡೆಸಿದರೆ ಅಂಚುಗಳು ಬೆರೆಯುತ್ತವೆ.

ಫಲಿತಾಂಶವನ್ನು ಪರೀಕ್ಷಿಸುವಾಗ ಬೆರಳುಗಳನ್ನು ಎಣಿಸಿ ಬಿಡುವವರೇ ಹೆಚ್ಚು. ಕಡ್ಡಿಯನ್ನು ಅನುಸರಿಸಿ ನೋಡುವುದು ಅದಕ್ಕಿಂತ ಉಪಯುಕ್ತ. ಬೆರಳುಗಳ ಮೇಲೆ ಕಾಣುವ ಕಡ್ಡಿ ಮತ್ತು ಕೆಳಗೆ ಕಾಣುವ ಕಡ್ಡಿ ಒಂದೇ ಗೆರೆಯಲ್ಲಿರಬೇಕು, ದಪ್ಪವೂ ಒಂದೇ ಇರಬೇಕು. ಬೆರಳು ತಾಗುವೆಡೆ ಸಣ್ಣ ನೆರಳಿರಬೇಕು. ಇಲ್ಲದಿದ್ದರೆ ಹೂವು ಅಂಟಿಸಿದಂತೆ ಕಾಣುತ್ತದೆ. ಫೋನಿನ ಪರದೆಯ ನೀಲಿ ಬೆಳಕು ಮುಖದ ಮೇಲೋ ಕೆನ್ನೆಯ ಬದಿಯಲ್ಲೋ ಬಿದ್ದಿದ್ದರೆ ಅದು ಮಾಸ್ಕಿನ ಹೊರಗಿರುವುದರಿಂದ ಹಾಗೆಯೇ ಉಳಿದಿರುತ್ತದೆ. ದೃಷ್ಟಿಯೂ ಹಾಗೆಯೇ: ರೂಪದರ್ಶಿ ಪರದೆಯನ್ನು ನೋಡುತ್ತಿದ್ದರೆ ಹೂವಿನ ತಲೆ ಆ ದೃಷ್ಟಿಯ ಹಾದಿಯಲ್ಲೇ ಬರುವಂತೆ ಇರಿಸಬೇಕು, ಇಲ್ಲವಾದಲ್ಲಿ ಆಕೆ ಶೂನ್ಯವನ್ನು ನೋಡಿದಂತಾಗುತ್ತದೆ.

ವ್ಯಾಪಾರಿಗೆ ನಿಜವಾದ ನಷ್ಟ ಬರುವುದು ಹೂವಿನ ಗಾತ್ರದಿಂದ. ಗ್ರಾಹಕರು ಅಳತೆ ತಿಳಿಯುವುದು ಕೈಯನ್ನು ನೋಡಿಯೇ. ಬೆರಳಿನ ಅಗಲ ಒಂದೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ 6 ಸೆಂಟಿಮೀಟರಿನ ಗುಲಾಬಿ ನಾಲ್ಕು ಬೆರಳಿನಷ್ಟು ಅಗಲ ಕಾಣಬೇಕು. ತಂತ್ರಾಂಶಕ್ಕೆ ಈ ಲೆಕ್ಕ ತಿಳಿದಿಲ್ಲ. ಅದು ಸುಂದರವಾಗಿ ಕಂಡಷ್ಟು, ಆರು ಬೆರಳಿನಷ್ಟು ಅಗಲದ ಹೂವನ್ನೂ ಬರೆಯಬಹುದು. ಆ ಚಿತ್ರವನ್ನು ಜಾಲತಾಣದ ಮಾರಾಟಕ್ಕೆ ಹಾಕಿದರೆ ಗ್ರಾಹಕರು 9 ಸೆಂಟಿಮೀಟರಿನ ಹೂವನ್ನು ನಿರೀಕ್ಷಿಸುತ್ತಾರೆ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಸರಕನ್ನು ಹಿಂತೆಗೆದುಕೊಳ್ಳಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಹೋಗಿಬರುವ ಸಾಗಾಣಿಕೆಯ ವೆಚ್ಚವನ್ನು ಕೂಡಿಸಿದರೆ ಉಳಿಸಿದ ಚಿತ್ರೀಕರಣದ ಹಣ ಬಹುಬೇಗ ಕರಗುತ್ತದೆ.

ಆದುದರಿಂದ ಮಾರಾಟದ ವಸ್ತುವನ್ನೇ ತಂತ್ರಾಂಶದಿಂದ ಬರೆಸದಿರುವುದು ಕ್ಷೇಮ. ಕೈ ಮತ್ತು ಕಡ್ಡಿಯ ಭಾಗವನ್ನು ಮಾತ್ರ ಅದರಿಂದ ಮಾಡಿಸಿ, ಹೂವಿನ ತಲೆಗೆ ಘಟಕದ ಹೂವಿನದೇ ಛಾಯಾಚಿತ್ರವನ್ನು ಸರಿಯಾದ ಅಳತೆಯಲ್ಲಿ ಕೂರಿಸಬಹುದು. ಇದಕ್ಕಿಂತ ಸರಳವಾದ ಹಳೆಯ ಉಪಾಯವೂ ಉಂಟು. ಚಿತ್ರದಲ್ಲಿ ಬೆಳಕು ಎಡಗಡೆಯಿಂದ ಬಂದಿದ್ದರೆ, ಎಡಕ್ಕೆ ಕಿಟಕಿಯಿರುವಂತೆ ಯಾರನ್ನಾದರೂ ನಿಲ್ಲಿಸಿ, ನಿಜವಾದ ಹೂವನ್ನೇ ಹಿಡಿಸಿ, ಕ್ಯಾಮೆರಾವನ್ನು ಅದೇ ಎತ್ತರ ಮತ್ತು ಕೋನದಲ್ಲಿಟ್ಟು ಕೈಯ ಚಿತ್ರ ತೆಗೆಯುವುದು. ಆನಂತರ ಬಳೆಗಳ ಕೆಳಗಿನಿಂದ ಆ ಕೈಯನ್ನು ಜೋಡಿಸಿ ಚರ್ಮದ ಬಣ್ಣವನ್ನು ಹೊಂದಿಸುವುದು. ಜೋಡಣೆಯ ಗೆರೆ ಬಳೆಯಡಿ ಅಡಗುತ್ತದೆ. ಬೆರಳುಗಳು, ಹಿಡಿತ, ಗಾತ್ರ ಮೂರೂ ತಾವಾಗಿಯೇ ಸರಿಯಿರುತ್ತವೆ.

ಯಾವ ವಿಧಾನವಾದರೂ ರೂಪದರ್ಶಿಯೊಂದಿಗಿನ ಮೂಲ ಒಪ್ಪಂದವನ್ನು ಮೊದಲು ತೆರೆದು ನೋಡತಕ್ಕದ್ದು. ಫೋನಿನ ಜಾಹೀರಾತಿಗೆಂದು ನೀಡಿದ ಸಮ್ಮತಿ ಹೂವಿನ ಮಾರಾಟಕ್ಕೂ, ಚಿತ್ರದ ಮಾರ್ಪಾಟಿಗೂ ಅನ್ವಯಿಸುತ್ತದೆಂದು ಭಾವಿಸಲಾಗದು. ಅದರಲ್ಲಿ ಅವಕಾಶವಿಲ್ಲದಿದ್ದರೆ ಚಿತ್ರ ಪ್ರಕಟಿಸುವ ಮುನ್ನ ಲಿಖಿತ ಒಪ್ಪಿಗೆ ಪಡೆದು, ಮೂಲ ಛಾಯಾಚಿತ್ರದ ಪ್ರತಿಯೊಡನೆ ಅದೇ ಕಡತದಲ್ಲಿ ಇರಿಸಬೇಕು.