26 ವಾಟ್‌ನಿಂದ ಅರ್ಧ ವಾಟ್‌ಗೆ

2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಜೊತೆಗೂಡಿ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ಜನರ ಮುಂದಿಟ್ಟರು. ಸರಗೂರು ಸುತ್ತಿನ ಹಳ್ಳಿ, ಹಾಡಿಗಳಂಥ ಕಡೆ ಕರೆಂಟು ಹೋದರೂ ಅದು ನಡೆಯಬೇಕಿತ್ತು. ಮೂರು ಸಣ್ಣ ಸೆಲ್ಲುಗಳಲ್ಲಿ ಲಿನಕ್ಸ್ ಓಡಿಸುವ ಧೈರ್ಯ ಅವರಿಗೆ ಬಂದದ್ದು ಒಳಗಿದ್ದ ಸ್ಟ್ರಾಂಗ್‌ಆರ್ಮ್ ಚಿಪ್‌ನಿಂದ.

ಆ ಚಿಪ್ ಹುಟ್ಟಿದ್ದು ಅಮೆರಿಕದ ಡಿಇಸಿ ಕಂಪನಿಯಲ್ಲಿ. ಅತಿ ವೇಗದ ಆಲ್ಫಾ ಚಿಪ್ಪಿಗೆ ಹೆಸರಾದ ಮನೆಯಲ್ಲೇ! ಅಲ್ಲಿನ ಚಿಪ್ ವಿನ್ಯಾಸಕ ಡ್ಯಾನ್ ಡಾಬರ್‌ಪುಲ್ ಇದ್ದ ತಂಡ 1996ರಲ್ಲಿ ತನ್ನ ಲೆಕ್ಕವನ್ನು ಬಿಚ್ಚಿಟ್ಟಿತು. ಆಲ್ಫಾ 200 ಮೆಗಾಹರ್ಟ್ಸ್‌ನಲ್ಲಿ 26 ವಾಟ್ ತಿನ್ನುತ್ತಿತ್ತು. ಅದರ ವೋಲ್ಟೇಜನ್ನು 3.45ರಿಂದ 1.5ಕ್ಕೆ ಇಳಿಸಿದರು. ಟ್ರಾನ್ಸಿಸ್ಟರ್ ಒಮ್ಮೆ ಬದಲಾಗಲು ಬೇಕಾದ ಶಕ್ತಿ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. ಹಾಗಾಗಿ ವೋಲ್ಟೇಜು 2.3 ಪಟ್ಟು ಇಳಿದರೆ ಶಕ್ತಿ 5.3 ಪಟ್ಟು ಇಳಿಯಿತು: 26 ಹೋಗಿ 4.9 ವಾಟ್. ಬೇಡದ ಕೆಲಸಗಳನ್ನು ಕಿತ್ತುಹಾಕಿದಾಗ ಅದು 1.6ಕ್ಕೆ ಇಳಿಯಿತು, ಸಣ್ಣ ಅಳತೆಯ ತಯಾರಿಕೆಯಿಂದ 0.8ಕ್ಕೆ, ಗಡಿಯಾರದ ತಂತಿಗಳ ಹೊರೆ ಇಳಿಸಿದಾಗ 0.6ಕ್ಕೆ. ಕೊನೆಗೆ ವೇಗವನ್ನು 160 ಮೆಗಾಹರ್ಟ್ಸ್‌ಗೆ ತಂದಾಗ 0.5.

ಈ ಕೊನೆಯ ಹೆಜ್ಜೆಯಲ್ಲೇ ಜನ ಎಡವುವುದು. ಬರೀ ಗಡಿಯಾರ ನಿಧಾನವಾದರೆ ವಾಟ್ ಇಳಿಯುತ್ತದೆ, ಆದರೆ ಕೆಲಸ ಅಷ್ಟೇ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಕೆಲಸಕ್ಕೆ ತಗಲುವ ಶಕ್ತಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನಿಧಾನಕ್ಕೆ ಒಪ್ಪಿಕೊಂಡದ್ದರ ನಿಜವಾದ ಲಾಭ ವೋಲ್ಟೇಜು ಇಳಿಸಲು ಸಿಗುವ ಅವಕಾಶ, ಮತ್ತು ಸರಳ ರಚನೆ. ಆಲ್ಫಾ ಒಂದು ಕೆಲಸವನ್ನು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ, ಸ್ಟ್ರಾಂಗ್‌ಆರ್ಮ್ ಹತ್ತು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದೇ ಇಟ್ಟುಕೊಳ್ಳಿ. ಆಗಲೂ ಮೊದಲನೆಯದಕ್ಕೆ 26 ಜೂಲ್, ಎರಡನೆಯದಕ್ಕೆ 5.

ಇದಕ್ಕೆ ಬೆಲೆಯೂ ಉಂಟು. ಕಡಿಮೆ ವೋಲ್ಟೇಜಿನಲ್ಲಿ ಚುರುಕಾಗಿ ಬದಲಾಗುವಂತೆ ಮಾಡಿದ ಟ್ರಾನ್ಸಿಸ್ಟರು ಸುಮ್ಮನಿದ್ದಾಗಲೂ ಸೋರುತ್ತದೆ, ಸರಿಯಾಗಿ ಮುಚ್ಚದ ನಲ್ಲಿಯ ಹಾಗೆ. ಅದಕ್ಕೇ ತಂಡ ಕ್ಯಾಶ್ ಸ್ಮೃತಿಯೇ ಮೊದಲಾದ ಕೆಲವು ಕಡೆ ಟ್ರಾನ್ಸಿಸ್ಟರುಗಳ ಉದ್ದವನ್ನು ತುಸು ಹೆಚ್ಚಿಸಿತು; ವೇಗ ಸ್ವಲ್ಪ ಹೋಯಿತು, ಸೋರಿಕೆ ತಗ್ಗಿತು.

2011ರಲ್ಲಿ ಆರ್ಮ್ ಕಂಪನಿ ದೊಡ್ಡ ಎ15, ಚಿಕ್ಕ ಎ7 ಎಂಬ ಎರಡು ಬಗೆಯ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಕೂಡಿಸುವ ವಿಧಾನವನ್ನು ಪ್ರಕಟಿಸಿತು. ಹಗುರ ಕೆಲಸ ಚಿಕ್ಕದಕ್ಕೆ, ಭಾರದ್ದು ದೊಡ್ಡದಕ್ಕೆ. ಆದರೆ ಚಿಕ್ಕದು ಯಾವಾಗಲೂ ಗೆಲ್ಲುವುದಿಲ್ಲ. ಪರದೆ, ಸ್ಮೃತಿ, ರೇಡಿಯೊ ಎಲ್ಲ ಸೇರಿ 1 ವಾಟ್ ಎಳೆಯುತ್ತ ಕೆಲಸ ಮುಗಿಯುವುದನ್ನೇ ಕಾಯುತ್ತಿದ್ದರೆ, ಮೇಲಿನ ಹತ್ತು ಸೆಕೆಂಡಿಗೆ ಇನ್ನೂ 10 ಜೂಲ್ ಬೀಳುತ್ತದೆ: ಒಟ್ಟು 15. ಆಲ್ಫಾದ ಲೆಕ್ಕ 27. ಆ ಕಾಯುವ ಭಾಗ 3 ವಾಟ್ ಆದರೆ ಪಂದ್ಯ ತಿರುಗುತ್ತದೆ: 35ಕ್ಕೆ ಎದುರಾಗಿ 29. ಆದ್ದರಿಂದ ಕೋರ್ ಒಂದನ್ನೇ ಅಳೆದರೆ ಸಾಲದು. ಕೆಲಸ ಶುರುವಾದಾಗಿನಿಂದ ಮುಗಿಯುವವರೆಗೆ ಬ್ಯಾಟರಿಯಿಂದ ಹೊರಬಂದ ಜೂಲ್‌ಗಳನ್ನೆಲ್ಲ ಕೂಡಿ ನೋಡಬೇಕು.