ನೀರನ್ನು ಮೇಲೆತ್ತುವುದು ಪಂಪಲ್ಲ, ಗಾಳಿ

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಹೂಮಳೆಯನ್ನೇ ನಂಬಿ ಕೂರದೆ ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಕೆರೆ ದಂಡೆಯ ಪಂಪಿನ ಬಗ್ಗೆ ಆಗ ಎರಡು ದೂರು ಕೇಳಿಬರುತ್ತವೆ. ಒಂದು, ಎಷ್ಟು ನೀರು ಹುಯ್ದರೂ ಪಂಪ್ ನೀರು ಹಿಡಿಯುತ್ತಿಲ್ಲ ಎಂಬುದು. ಇನ್ನೊಂದು ಮಾರ್ಚ್ ಕೊನೆಯದು: ಪಂಪ್ ಓಡುತ್ತಿದೆ, ನೀರು ಮಾತ್ರ ಸಣ್ಣಗೆ ಬರುತ್ತಿದೆ. ಎರಡಕ್ಕೂ ಹಲವರು ಹುಡುಕುವ ಮದ್ದು ಒಂದೇ, ದೊಡ್ಡ ಮೋಟಾರು. ಎರಡೂ ಕಡೆ ಅದು ದುಡ್ಡು ದಂಡ.

ಪಂಪ್ ನೀರನ್ನು ಎಳೆಯುವುದಿಲ್ಲ. ಒಳಗೆ ತಿರುಗುವ ಇಂಪೆಲ್ಲರ್ ತನ್ನಲ್ಲಿರುವ ನೀರನ್ನು ಹೊರಕ್ಕೆ ಬೀಸಿದಾಗ ಅದರ ಬಾಯಲ್ಲಿ ಒತ್ತಡ ಇಳಿಯುತ್ತದೆ. ಕೆರೆಯ ಮೇಲ್ಮೈಯನ್ನು ಒತ್ತುತ್ತಿರುವ ಹೊರಗಿನ ಗಾಳಿ ಆ ಜಾಗಕ್ಕೆ ನೀರನ್ನು ನೂಕುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾದಲ್ಲಿ ನಡೆಯುವುದೂ ಇದೇ. ಹೀಗೆತ್ತುವ ಪಂಪು ಸುಮಾರು 10 ಮೀಟರಿನಾಚೆ ಸೋಲುತ್ತದೆಂದು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದಿದ್ದ. ಅದಕ್ಕೆ ಕಾರಣ ಗಾಳಿಯ ಭಾರ ಎಂದು 1644ರಲ್ಲಿ ವಿವರಿಸಿದವನು ಅವನ ಶಿಷ್ಯ ಟಾರಿಚೆಲ್ಲಿ.

ಇಂಪೆಲ್ಲರ್ ಬೀಸಲು ಒಳಗೆ ನೀರಿರಬೇಕು, ಗಾಳಿಯಿದ್ದರೆ ಸಾಲದು. ನೀರನ್ನು 25 ಮೀಟರ್ ಎತ್ತರಕ್ಕೆ ತಳ್ಳುವ ಪಂಪು ಬರೀ ಗಾಳಿಯಲ್ಲಿ ತಿರುಗಿದರೆ ಗಾಳಿಯನ್ನೂ ಅಷ್ಟೇ ಎತ್ತರಕ್ಕೆ ತಳ್ಳಬಲ್ಲದು. ಆದರೆ ಗಾಳಿಯ ತೂಕ ನೀರಿನ ತೂಕದ 800ರಲ್ಲಿ ಒಂದು ಪಾಲು. ಹಾಗಾಗಿ ಕೆಳಗಿನ ಪೈಪಿನಲ್ಲಿ ನೀರು ಏರುವುದು ಹೆಚ್ಚೆಂದರೆ 3 ಸೆಂಟಿಮೀಟರ್. ಓಡಿಸಿಯೇ ಬಿಟ್ಟರೆ ತಾನಾಗಿ ನೀರು ಹಿಡಿದೀತು ಎಂದು ಕಾಯುವವರು ಈ 3 ಸೆಂಟಿಮೀಟರನ್ನು ನೆನಪಿಡಬೇಕು. ಅಷ್ಟರಲ್ಲಿ ಶಾಫ್ಟಿನ ಸೀಲು ನೀರಿಲ್ಲದೆ ಬಿಸಿಯಾಗಿ ಸುಟ್ಟಿರುತ್ತದೆ.

ಆದ್ದರಿಂದಲೇ ಮೊದಲು ನೀರು ತುಂಬಿಸುವ ಪ್ರೈಮಿಂಗ್ ಕೆಲಸ. ಮೂರಿಂಚಿನ ಪೈಪು 10 ಮೀಟರ್ ಇದ್ದರೆ ಅದರಲ್ಲೇ 50 ಲೀಟರ್ ಹಿಡಿಯುತ್ತದೆ, ಪಂಪಿನ ಹೊಟ್ಟೆಯದು ಬೇರೆ. ಡೆಲಿವರಿಯ ಗೇಟ್ ವಾಲ್ವ್ ಮುಚ್ಚಿ, ಪಂಪಿನ ನೆತ್ತಿಯಲ್ಲಿರುವ ಗಾಳಿ ತಿರುಪನ್ನು ಬಿಚ್ಚಿ, ಕೊಳವೆಯಾಕಾರದ ಬಾಯಿಂದ ನಿಧಾನವಾಗಿ ಹುಯ್ಯಬೇಕು. ಅವಸರದಲ್ಲಿ ಸುರಿದರೆ ಗಾಳಿ ಹೊರಬರಲು ದಾರಿಯಿಲ್ಲದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಕರೆಂಟು ತೆಗೆದಿದೆ ಎಂದು ಖಚಿತಪಡಿಸಿಕೊಂಡು ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಇಂಪೆಲ್ಲರಿನ ಸಂದುಗಳಲ್ಲಿದ್ದ ಗುಳ್ಳೆಗಳೂ ಏಳುತ್ತವೆ. ಗುಳ್ಳೆಯಿಲ್ಲದ ನೀರು ಉಕ್ಕಿದ ಮೇಲೆ ತಿರುಪು ಬಿಗಿದು, ಸ್ವಿಚ್ ಹಾಕಿ, ಒತ್ತಡ ಏರುತ್ತಿದ್ದಂತೆ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯಬೇಕು.

ಹುಯ್ದ ನೀರನ್ನು ಹಿಡಿದಿಡುವುದು ಪೈಪಿನ ತುದಿಯಲ್ಲಿ ಮುಳುಗಿರುವ ಫುಟ್‌ವಾಲ್ವ್. ಹೊರಗೊಂದು ಜಾಲರಿ, ಒಳಗೆ ಮೇಲ್ಮುಖವಾಗಿ ಮಾತ್ರ ತೆರೆಯುವ ಚರ್ಮದ ಅಥವಾ ರಬ್ಬರಿನ ಮುಚ್ಚಳ, ಅದು ಕೂರುವ ಅಂಚು, ಇಷ್ಟೇ ಅದರ ರಚನೆ. ಒಂದು ಕಡ್ಡಿ, ಮರಳಿನ ಕಾಳು ಅಥವಾ ಬಸವನಹುಳುವಿನ ಚಿಪ್ಪು ಅಂಚಿನಲ್ಲಿ ಕೂತರೂ ಸಾಕು, ರಾತ್ರಿ ಕಳೆಯುವುದರೊಳಗೆ ಪೈಪು ಖಾಲಿ. ಬೇಸಿಗೆಯಲ್ಲಿ ನೀರಿಳಿದು ವಾಲ್ವ್ ಬಿಸಿಲಿಗೆ ಬಿದ್ದರೆ ಚರ್ಮ ಸೆಟೆದು, ಮುಂದೆ ನೀರಿಗಿಳಿಸಿದರೂ ಸರಿಯಾಗಿ ಕೂರುವುದಿಲ್ಲ.

ತಪ್ಪು ಎಲ್ಲಿದೆ ಎಂದು ತಿಳಿಯಲು ಪಂಪನ್ನು ಬಾಯಿಮಟ್ಟ ತುಂಬಿಸಿ, ಓಡಿಸದೆ, ಹತ್ತು ನಿಮಿಷ ನೀರಿನ ಮಟ್ಟ ನೋಡಿ. ಮಟ್ಟ ಇಳಿಯುತ್ತಿದ್ದು ಹೊರಗಿನ ಪೈಪೆಲ್ಲ ಒಣಗಿದ್ದರೆ ಫುಟ್‌ವಾಲ್ವ್ ಸೋರುತ್ತಿದೆ. ಜಾಯಿಂಟಿನಲ್ಲಿ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಮಟ್ಟ ಅಲ್ಲಾಡದೆ ನಿಂತು, ಓಡಿಸಿದಾಗ ಮಾತ್ರ ಪಂಪ್ ನೀರು ಬಿಟ್ಟುಕೊಡುತ್ತಿದ್ದರೆ ಅದು ಎಲ್ಲೋ ಗಾಳಿ ಎಳೆಯುತ್ತಿದೆ. ಅನುಭವಿಗಳೂ ಎಡವುವುದು ಇಲ್ಲಿ. ಪಂಪಿನ ಪಕ್ಕದ ಜಾಯಿಂಟಿನಲ್ಲಿ, ನೀರು ತುಂಬಿ ನಿಂತಾಗ, ಒತ್ತಡವೇ ಇರುವುದಿಲ್ಲ. ಆದ್ದರಿಂದ ಹನಿಯೂ ಬೀಳದು. ಓಡುವಾಗ ಒಳಗಿನ ಒತ್ತಡ ಅತಿ ಕಡಿಮೆಯಾಗುವುದೂ ಅಲ್ಲೇ, ಗಾಳಿ ನುಗ್ಗುವುದೂ ಅಲ್ಲಿಂದಲೇ. ಓಡುತ್ತಿರುವಾಗ ಆ ಜಾಯಿಂಟಿಗೆ ಸೋಪಿನ ನೊರೆ ಬಳಿದರೆ, ಬಿರುಕಿದ್ದಲ್ಲಿ ನೊರೆ ಒಳಸೇರುವುದು ಕಾಣುತ್ತದೆ.

ಸೋರುವ ವಾಲ್ವಿಗೆ ಸಗಣಿ ನೀರು ಹುಯ್ಯುವ ಹಳೆಯ ಉಪಾಯವೊಂದಿದೆ. ಸಗಣಿಯ ನಾರು ಅಂಚಿನ ಸಂದಿನಲ್ಲಿ ಕೂತು ಸೋರಿಕೆ ಕಡಿಮೆಯಾಗುತ್ತದೆ. ಆ ದಿನದ ಕೆಲಸಕ್ಕೆ ಅದು ಸಾಕು, ಋತುವಿಡೀ ಅದನ್ನೇ ನೆಚ್ಚುವುದು ತಪ್ಪು. ಮುಖ್ಯವಾಗಿ ಕರೆಂಟು ಬಂದಾಗ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರ್ ಹಾಕಿದವರಿಗೆ ಈ ಮಾತು. ನಡುರಾತ್ರಿ ತ್ರೀಫೇಸ್ ಬಂದಾಗ ಪೈಪು ಖಾಲಿಯಿದ್ದರೆ ಪಂಪು ಬೆಳಗಿನ ತನಕ ಒಣಗಿದ್ದೇ ತಿರುಗುತ್ತದೆ.

ಇನ್ನು ಮಾರ್ಚ್ ಕೊನೆಯ ದೂರು. ಸಮುದ್ರಮಟ್ಟದಲ್ಲಿ ಗಾಳಿ ನೀರನ್ನು 10.3 ಮೀಟರ್ ನೂಕಬಲ್ಲದು. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ಅದು 9.2 ಮೀಟರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಚೆನ್ನಾಗಿ ನಡೆದ ಪಂಪು ಘಟ್ಟ ಹತ್ತಿದೊಡನೆ ಒಂದು ಮೀಟರಿಗಿಂತ ಹೆಚ್ಚು ಕಳೆದುಕೊಂಡಿತು. ಸೆಕೆಂಡಿಗೆ 8 ಲೀಟರ್ ಎತ್ತುವ ಪಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೀರು ಪಂಪಿನೊಳಗೇ ಆವಿಯಾಗಿ ಕುದಿಯದಿರಲು 0.4 ಮೀಟರ್, ಇಂಪೆಲ್ಲರಿನ ಬಾಯಲ್ಲಿ ಉಳಿದಿರಲೇಬೇಕಾದ ಒತ್ತಡಕ್ಕೆ ಸುಮಾರು 3 ಮೀಟರ್ ಕಳೆಯಿರಿ. 10 ಮೀಟರ್ ಉದ್ದದ ಮೂರಿಂಚಿನ ಸಕ್ಷನ್ ಪೈಪು, ಒಂದು ಬೆಂಡು, ಫುಟ್‌ವಾಲ್ವ್ ಸೇರಿ ಉಜ್ಜುವಿಕೆಗೆ ಹೋಗುವುದು 0.9 ಮೀಟರ್. ಉಳಿದದ್ದು 4.9. ಇದೇ ಆ ಪಂಪು ನೀರಿನ ಮಟ್ಟದಿಂದ ನಿಲ್ಲಬಹುದಾದ ಗರಿಷ್ಠ ಎತ್ತರ. ದುಡ್ಡು ಉಳಿಸಲೆಂದು ಎರಡೂವರೆ ಇಂಚಿನ ಪೈಪು ಹಾಕಿದ್ದರೆ ಉಜ್ಜುವಿಕೆಯೊಂದೇ 2 ಮೀಟರ್ ತಿನ್ನುತ್ತದೆ, ಉಳಿಯುವುದು 3.8. ಫೆಬ್ರವರಿಯಲ್ಲಿ ಪಂಪಿನಿಂದ 3.5 ಮೀಟರ್ ಕೆಳಗಿದ್ದ ಕೆರೆ ಮಾರ್ಚ್ ಕೊನೆಗೆ 4.8ಕ್ಕೆ ಇಳಿದರೆ ಮೂರಿಂಚಿನವರು ಕಷ್ಟಪಟ್ಟು ದಾಟುತ್ತಾರೆ, ಎರಡೂವರೆಯವರು ಸೋಲುತ್ತಾರೆ. ಮೋಟಾರಿನ ಎಚ್‌ಪಿ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ದೊಡ್ಡ ಪಂಪು ಅದೇ ಪೈಪಿನಲ್ಲಿ ಹೆಚ್ಚು ನೀರು ಎತ್ತಲು ಹೋದರೆ ಉಜ್ಜುವಿಕೆ ಏರಿ ಸ್ಥಿತಿ ಇನ್ನೂ ಕೆಡುತ್ತದೆ.

ಮಿತಿ ದಾಟಿದ್ದನ್ನು ಕಿವಿಯೇ ಹೇಳುತ್ತದೆ. ಪಂಪಿನೊಳಗೆ ಜಲ್ಲಿ ಉರುಳಿದಂಥ ಸದ್ದು ಬರುತ್ತದೆ. ಅದು ಆವಿಯ ಗುಳ್ಳೆಗಳು ಒಡೆಯುವ ಸದ್ದು. ಹಾಗೇ ಓಡಿಸುತ್ತಿದ್ದರೆ ಇಂಪೆಲ್ಲರಿನ ಲೋಹ ಗುಳಿಬೀಳುತ್ತದೆ. ತಕ್ಷಣಕ್ಕೆ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ ನೀರು ತಗ್ಗಿಸಿದರೆ ಸದ್ದು ನಿಲ್ಲುತ್ತದೆ. ನಿಜವಾದ ಪರಿಹಾರ ಪಂಪನ್ನೇ ನೀರಿನ ಹತ್ತಿರ ಇಳಿಸುವುದು. ಆದರೆ ಡೀಸೆಲ್ ಅಥವಾ ಸೀಮೆಎಣ್ಣೆ ಎಂಜಿನ್ನನ್ನು ಬಾವಿಯೊಳಗೆ ಎಂದೂ ಇಳಿಸಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಬಾವಿಯಲ್ಲೇ ನಿಂತು, ಇಳಿದವರ ಜೀವ ತೆಗೆಯುತ್ತದೆ.

ಹೊಸ ಪಂಪ್ ಕೊಳ್ಳುವ ಮೊದಲು, ಕೆರೆ ಅತಿ ತಗ್ಗಿರುವ ದಿನ ಹಗ್ಗ ಬಿಟ್ಟು ನೀರಿನಿಂದ ಪಂಪಿನ ನಡುವಿನವರೆಗಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಚ್‌ಪಿ ಕೇಳುವ ಮೊದಲು ಆ ಅಳತೆಯನ್ನೂ ನಿಮ್ಮ ಊರಿನ ಎತ್ತರವನ್ನೂ ಹೇಳಿ.