ಡಿಂಗ್‌ನ ಚೂರಿ ಮತ್ತು ದಾವ್ ಚಿಂತನೆ

ದಾವ್ ಚಿಂತನೆಯ ‘ವು ವೇ’, ಅಂದರೆ ಅಕ್ರಿಯೆ, ಕೈಕಟ್ಟಿ ಕೂರುವುದಲ್ಲ. ಪ್ರಾಚೀನ ಚೀನಾದ ‘ಜುವಾಂಗ್‌ಜಿ’ ಗ್ರಂಥದ 3ನೇ ಅಧ್ಯಾಯದಲ್ಲಿ ಡಿಂಗ್ ಎಂಬ ಅಡುಗೆಯವನು ದೊರೆಯೆದುರು ಎತ್ತಿನ ಮಾಂಸ ಬಿಡಿಸುತ್ತಾನೆ. ಸಾಮಾನ್ಯ ಅಡುಗೆಯವನು ಎಲುಬಿಗೆ ಕಡಿದು ತಿಂಗಳಿಗೊಂದು ಚೂರಿ ಹಾಳುಮಾಡಿದರೆ, ಡಿಂಗ್‌ನ ಚೂರಿ 19 ವರ್ಷವಾದರೂ ಮೊನಚು ಕಳೆದುಕೊಂಡಿಲ್ಲ. ಕೀಲುಗಳ ನಡುವೆ ಮೊದಲೇ ಇರುವ ಸಂದಿನಲ್ಲಿ ಅವನು ಅಲಗನ್ನು ಹಾಯಿಸುತ್ತಾನೆ. ತೊಡಕಿನ ಜಾಗ ಬಂದರೆ ಕೈ ನಿಧಾನವಾಗುತ್ತದೆ, ಅಷ್ಟೆ. ಈ ಸರಾಗತೆ ಹುಟ್ಟಿನಿಂದ ಬಂದದ್ದಲ್ಲ, ವರ್ಷಗಳ ಅಭ್ಯಾಸದ ಫಲ.

ಆ ಸಂದುಗಳನ್ನು ಇಟ್ಟವರು ಯಾರು? ದೇವರನ್ನು ನಂಬುವ ಪರಂಪರೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಈ ಪ್ರಶ್ನೆ ಸಹಜ. ಗ್ರಂಥ ಅದನ್ನು ಎತ್ತುವುದೇ ಇಲ್ಲ. ದಾವ್ ಆಜ್ಞೆ ಕೊಡುವ ಒಡೆಯನಲ್ಲ. ವಸ್ತುಗಳು ತಮ್ಮಷ್ಟಕ್ಕೆ ತಾವೇ ಹಾಗಿರುವುದೇ ‘ಜಿರಾನ್’, ಸಹಜತೆ. ಹೀಗಾಗಿ ವು ವೇಯನ್ನು ಗೀತೆಯ ನಿಷ್ಕಾಮ ಕರ್ಮಕ್ಕೆ ಸಮೀಕರಿಸುವುದು ಅವಸರದ ಮಾತು. ಗೀತೆಯಲ್ಲಿ ಕರ್ಮವನ್ನು ಅರ್ಪಿಸಲು ಈಶ್ವರನಿದ್ದಾನೆ. ಡಿಂಗ್ ಯಾರಿಗೂ ಏನನ್ನೂ ಅರ್ಪಿಸುವುದಿಲ್ಲ, ಕೆಲಸ ಮುಗಿದ ಮೇಲೆ ಚೂರಿ ಒರೆಸಿ ಎತ್ತಿಡುತ್ತಾನೆ.

ಹಾಗೆಂದು ಇದು ನಾಸ್ತಿಕವಾದವೂ ಅಲ್ಲ. ಮುಂದೆ ಬೆಳೆದ ದಾವ್ ಧರ್ಮದಲ್ಲಿ ದೇವತೆಗಳೂ ಗುಡಿಗಳೂ ಪೂಜಾರಿಗಳೂ ಧಾರಾಳವಾಗಿದ್ದಾರೆ.